ಮಗಳ ಮೊದಲ ಎರಡು ಸೀರೆ, ಕೈತುಂಬ ಬಳೆ: ಕೊಡಗಿನ ಅಪ್ಪನಿಗೆ ಸಮಗ್ರ ಮಾರ್ಗದರ್ಶಿ

ಸೀರೆ ಅಂಗಡಿಯಲ್ಲಿ ಎಲ್ಲರಿಗೂ ಮೊದಲು ತೋರಿಸುವುದು ಸೆರಗನ್ನು. ಕೌಂಟರಿನ ಮೇಲೆ ಅಗಲವಾಗಿ ಹಾಸಿ ಜರಿಯನ್ನು ಬೆಳಕಿಗೆ ಹಿಡಿಯುತ್ತಾರೆ, ಅಪ್ಪನ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಕೊಡಗಿನಲ್ಲಿ ಮಗಳಿಗೆ ಮೊದಲ ಸೀರೆ ತರುವವರು ಎಡವುವುದೂ ಅಲ್ಲಿಯೇ. ಇಲ್ಲಿನ ಉಡುಗೆಯಲ್ಲಿ ನೆರಿಗೆ ಇರುವುದು ಬೆನ್ನ ಕಡೆ. ಸೆರಗು ಎಡಗೈ ಕೆಳಗಿನಿಂದ ಬಂದು, ಎದೆಯನ್ನು ಬಳಸಿ, ಬಲಭುಜದ ಮೇಲೆ ಪಿನ್ನಿಗೆ ಸಿಕ್ಕಿಕೊಳ್ಳುತ್ತದೆ. ಬೆನ್ನ ಮೇಲೆ ಮಾರುದ್ದ ಇಳಿಬಿಡುವ ಸೆರಗು ಇಲ್ಲವೇ ಇಲ್ಲ. ಕಾವೇರಿ ಹರಿದು ಬಂದ ರಭಸಕ್ಕೆ ಬಲಮುರಿಯಲ್ಲಿ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು ಎಂಬ ಕತೆಯನ್ನು ಮನೆಯ ಹಿರಿಯರು ಹೇಳಿರುತ್ತಾರೆ. ಸೀರೆ ಕೊಳ್ಳುವಾಗ ಆ ಹಿಂದಿನ ನೆರಿಗೆಯನ್ನು ನೆನಪಿನಲ್ಲಿ ಇಟ್ಟುಕೊಂಡರೆ ಬಟ್ಟೆ, ಅಗಲ, ಫಾಲ್, ಬಳೆ ಎಲ್ಲದರ ಆಯ್ಕೆಯೂ ಅದರಿಂದಲೇ ತೀರ್ಮಾನವಾಗುತ್ತಾ ಹೋಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ವಿರಾಜಪೇಟೆ ಕಡೆಯ ಕಾಫಿ ತೋಟದ ಮನೆ. ಮಗಳಿಗೆ ಹತ್ತೊಂಬತ್ತು, ಎತ್ತರ 5 ಅಡಿ 6 ಇಂಚು, ಈವರೆಗೆ ಉಟ್ಟಿದ್ದೆಲ್ಲ ಅವ್ವನ ಸೀರೆ. ಪುತ್ತರಿ ಹಬ್ಬಕ್ಕೆ ಒಂದು, ಜನವರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಒಂದು, ಹೀಗೆ ಅವಳದೇ ಎನ್ನುವ ಎರಡು ಸೀರೆ ಮತ್ತು ಬಳೆ ತರಬೇಕೆಂದು ಅಪ್ಪ ಹೊರಟಿದ್ದಾನೆ.

ಮೊದಲು ಮನೆಯಲ್ಲಿ ಅಳತೆ

ಅಂಗಡಿಗೆ ಹೊರಡುವ ಮುನ್ನ ಮೂರು ಅಳತೆ ಬೇಕು. ಅವನ್ನು ಅವ್ವನೋ ಅಕ್ಕನೋ ತೆಗೆದುಕೊಡಲಿ, ಅಪ್ಪ ಚೀಟಿಯಲ್ಲಿ ಬರೆದುಕೊಳ್ಳಲಿ.

ಮೊದಲನೆಯದು ಸೊಂಟದಿಂದ ನೆಲದವರೆಗಿನ ಎತ್ತರ. ಮಗಳು ಒಳಲಂಗ ಕಟ್ಟಿಕೊಂಡು, ಮದುವೆಗೆ ಹಾಕುವ ಚಪ್ಪಲಿಯನ್ನೇ ಮೆಟ್ಟಿ ನಿಲ್ಲಬೇಕು. ಲಾಡಿ ಕಟ್ಟಿದ ಜಾಗದಿಂದ ನೆಲಕ್ಕೆ ಟೇಪು ಬಿಡಿ. ನಮ್ಮ ಉದಾಹರಣೆಯ ಹುಡುಗಿಗೆ ಇದು 42 ಇಂಚು ಬಂತು. ಸೀರೆಯನ್ನು ಲಂಗದೊಳಗೆ ಸಿಕ್ಕಿಸಲು ಮೇಲೆ ಕನಿಷ್ಠ ನಾಲ್ಕು ಇಂಚು ಬೇಕು. ಹಾಗಾದರೆ ಅವಳಿಗೆ ಬೇಕಾದ ಪನ್ನ, ಅಂದರೆ ಸೀರೆಯ ಅಗಲ, 46 ಇಂಚು. ಕೈಮಗ್ಗದ ಹತ್ತಿ ಸೀರೆಗಳಲ್ಲಿ 44 ಇಂಚಿನ ಪನ್ನವೂ ಬರುತ್ತದೆ. ಅದನ್ನು ತಂದರೆ ಸಿಕ್ಕಿಸಲು ಉಳಿಯುವುದು ಎರಡೇ ಇಂಚು. ನೆರಿಗೆ ಮುಂದಿದ್ದರೆ ಜಾರುವುದು ಕಣ್ಣಿಗೆ ಬೀಳುತ್ತದೆ, ಸರಿಪಡಿಸಿಕೊಳ್ಳಬಹುದು. ಹಿಂದಿದ್ದರೆ ಉಟ್ಟವಳಿಗೇ ಗೊತ್ತಾಗುವುದಿಲ್ಲ. ಎತ್ತರದ ಹುಡುಗಿಯರ ಮನೆಯವರು ಪನ್ನ ಅಳೆಯದೆ ಸೀರೆ ಕಟ್ಟಿಸಲೇಬಾರದು. ಹತ್ತಿ ಸೀರೆಯಾದರೆ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಇನ್ನೊಂದು ಇಂಚು ಸೇರಿಸಿಕೊಳ್ಳಿ.

ಎರಡನೆಯದು ಕೈ ಅಳತೆ, ಅದನ್ನು ಬಳೆಯ ಜಾಗದಲ್ಲಿ ಹೇಳುತ್ತೇವೆ. ಮೂರನೆಯದು ರವಿಕೆಯ ತೋಳಿನ ಉದ್ದ. ಕೊಡಗಿನ ಉಡುಗೆಗೆ ಉದ್ದ ತೋಳಿನ ಅಥವಾ ಮುಕ್ಕಾಲು ತೋಳಿನ ರವಿಕೆಯೇ ಒಪ್ಪುವುದರಿಂದ ಸೀರೆಯ ಜೊತೆಗೆ ಬರುವ ರವಿಕೆ ಕಣ ಸಾಕಾಗುತ್ತದೆಯೇ ಎಂದು ಮೊದಲೇ ತಿಳಿದಿರಬೇಕು. ಸಾಮಾನ್ಯವಾಗಿ ಕಣ 80 ಸೆಂಟಿಮೀಟರ್ ಇರುತ್ತದೆ. ಗಿಡ್ಡ ತೋಳಿಗೆ ಧಾರಾಳವಾಗಿ ಸಾಕು, ಉದ್ದ ತೋಳಿಗೆ ಎಳೆದಾಡಬೇಕಾಗುತ್ತದೆ. ದರ್ಜಿಯನ್ನು ಕೇಳಿ, ಬೇಕಾದರೆ ಒಂದು ಮೀಟರ್ ಬೇರೆ ಬಟ್ಟೆ ತೆಗೆದುಕೊಳ್ಳುವ ಲೆಕ್ಕ ಮೊದಲೇ ಹಾಕಿಡಿ.

ಉದ್ದದ ಬಗ್ಗೆ ಚಿಂತೆ ಬೇಡ. 5.5 ಮೀಟರಿನ ಮಾಮೂಲಿ ಸೀರೆಯೇ ಸಾಕು. ಸೆರಗಿಗೆ ಹೆಚ್ಚು ಬಟ್ಟೆ ಹೋಗದ ಕಾರಣ ಉಳಿದಿದ್ದೆಲ್ಲ ಹಿಂದಿನ ನೆರಿಗೆಗೆ ಸೇರುತ್ತದೆ. ಬಟ್ಟೆ ಯಾವುದಿರಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಮೊದಲ ಸೀರೆ ಹತ್ತಿಯದೇ ಆಗಲಿ

ಎರಡರಲ್ಲಿ ಮೊದಲು ಕೊಳ್ಳಬೇಕಾದದ್ದು ಹತ್ತಿ ಸೀರೆ. ಹತ್ತಿ ಮೈಗೆ ಹಿಡಿದು ನಿಲ್ಲುತ್ತದೆ, ಬೆನ್ನ ಹಿಂದೆ ಕೈ ಹಾಕಿ ಕಣ್ಣಿಗೆ ಕಾಣದ ನೆರಿಗೆ ಹಿಡಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಹಬ್ಬಕ್ಕೆ ಐದಾರು ವಾರ ಮೊದಲು ತಂದುಕೊಟ್ಟರೆ ಮನೆಯಲ್ಲಿ ಏಳೆಂಟು ಸಲ ಉಟ್ಟು ಬಿಚ್ಚಿ ಕೈ ಪಳಗುತ್ತದೆ. ರೇಷ್ಮೆಯನ್ನೇ ಮೊದಲು ತಂದರೆ ಜಾರುವ ಬಟ್ಟೆ, ಬಾರದ ಕೈ, ಹೊರಡುವ ಗಡಿಬಿಡಿ ಮೂರೂ ಒಂದೇ ಬೆಳಿಗ್ಗೆ ಸೇರುತ್ತವೆ.

ಗಂಜಿ ಹಾಕಿ ಹಲಗೆಯಂತೆ ನಿಲ್ಲಿಸಿದ ಹತ್ತಿ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಆದರೆ ಈ ಉಡುಗೆಯಲ್ಲಿ ಕೂತಾಗ ಕೂರುವುದು ನೆರಿಗೆಯ ಮೇಲೆಯೇ. ಒಮ್ಮೆ ಊಟಕ್ಕೆ ಕೂತೆದ್ದರೆ ಗಂಜಿಯ ಸೀರೆಯ ಹಿಂಭಾಗ ಅಡ್ಡಡ್ಡ ಮಡಿಕೆ ಬಿದ್ದು ಹಾಗೆಯೇ ಉಳಿಯುತ್ತದೆ. ಅದಕ್ಕೇ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಸೀರೆಯ ಒಳತುದಿಯನ್ನು ಮುಷ್ಟಿಯಲ್ಲಿ ಹಿಡಿದು ಇಪ್ಪತ್ತು ಎಣಿಸುವವರೆಗೆ ಹಿಂಡಿ ಬಿಡಿ. ಗೆರೆಗಳು ಮೆಲ್ಲಗೆ ಸಡಿಲವಾದರೆ ಸರಿ. ಕಾಗದ ಮುದುರಿದಂತೆ ಚೂಪಾಗಿ ನಿಂತರೆ ಬೇರೆಯದನ್ನು ನೋಡಿ.

ಉದಾಹರಣೆಯ ಅಪ್ಪನಿಗೆ ಮನಸ್ಸು ಹೋದದ್ದು ಇಳಕಲ್ ಸೀರೆಯ ಮೇಲೆ. ಚೆಲುವಾದ ಸೀರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಳಕಲ್ಲಿನ ಜೀವ ಇರುವುದು ಅದರ ಟೋಪು ತೆನೆ ಸೆರಗಿನಲ್ಲಿ. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಸೇರಿಸಿ, ಕೆಂಪು ಬಿಳಿಯಲ್ಲಿ ನೇಯ್ದ ಆ ಸೆರಗನ್ನು ಬೆನ್ನ ಮೇಲೆ ಹರಡಿ ನೋಡಬೇಕು, ತಲೆಯ ಮೇಲೆ ಹೊದ್ದು ನೋಡಬೇಕು. ಎದೆಗೆ ಬಳಸಿ ಭುಜಕ್ಕೆ ಮಡಚಿ ಚುಚ್ಚಿದರೆ ಅದರ ಅರ್ಧ ಸೌಂದರ್ಯ ಮಡಿಕೆಯೊಳಗೇ ಉಳಿಯುತ್ತದೆ. ಮಗಳು ಮೈಸೂರಿನ ಕಡೆ ಕಾಲೇಜಿನಲ್ಲಿ ಮುಂದೆ ನೆರಿಗೆ ಹಿಡಿದು ಉಡುವವಳಾದರೆ ಖಂಡಿತ ಇಳಕಲ್ ಕೊಡಿಸಿ. ಕೊಡಗಿನ ಉಡುಗೆಗೇ ಎಂದಾದರೆ ಒಡಲು ಚೆನ್ನಾಗಿರುವ ಸೀರೆ ಬೇಕು, ಏಕೆಂದರೆ ಮುಂಭಾಗದಲ್ಲಿ ನೆರಿಗೆಯೇ ಇಲ್ಲದೆ ಒಡಲಿನ ಬಟ್ಟೆ ಸಪಾಟಾಗಿ, ಸೊಂಟದಿಂದ ಪಾದದವರೆಗೆ ಪೂರ್ತಿ ಕಾಣುತ್ತದೆ. ಸಣ್ಣ ಚೌಕಳಿ, ಸಣ್ಣ ಬುಟ್ಟಾ, ಅಥವಾ ಒಂದೇ ಬಣ್ಣದ ಒಡಲಿಗೆ ಎರಡು ಇಂಚಿನ ಅಂಚು ಸೊಗಸು. ಉಡುಪಿ ಕೈಮಗ್ಗದ ತೆಳು ಹತ್ತಿ ಸೀರೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಪನ್ನ ಸಾಕಾದರೆ.

ಎರಡನೆಯದು ರೇಷ್ಮೆ

ದಪ್ಪ ರೇಷ್ಮೆ, ಅಗಲ ಜರಿ ಅಂಚು ಎಂದರೆ ಬೆಲೆಬಾಳುವುದು ಎಂಬ ಎಣಿಕೆ ಎಲ್ಲ ಕಡೆ ಇದೆ. ಹಿಂದಿನ ನೆರಿಗೆಗೆ ಅದು ಹೊಂದುವುದಿಲ್ಲ. ಎಂಟೊಂಬತ್ತು ಪದರ ದಪ್ಪ ರೇಷ್ಮೆ ಸೊಂಟದ ಹಿಂದೆ ಸೇರಿದರೆ ಅಲ್ಲಿ ಗುಡ್ಡೆಯಾಗಿ ಉಬ್ಬುತ್ತದೆ, ಕೂತರೆ ಒತ್ತುತ್ತದೆ, ಭಾರಕ್ಕೆ ಇಡೀ ಸೀರೆ ಹಿಂದಕ್ಕೆ ಜಗ್ಗುತ್ತದೆ. ಮೊದಲ ರೇಷ್ಮೆ ಸೀರೆ ಸುಮಾರು ಅರ್ಧ ಕಿಲೋ ಒಳಗಿರಲಿ. ಅಂಗಡಿಯಲ್ಲಿ ತಕ್ಕಡಿ ಇರುತ್ತದೆ, ಕೇಳಿದರೆ ತೂಗಿ ತೋರಿಸುತ್ತಾರೆ.

ಈ ಉಡುಗೆಗೆ ಸರಿಹೊಂದುವುದು ಕ್ರೇಪ್ ರೇಷ್ಮೆ. ಬಿಗಿಯಾಗಿ ಹುರಿ ಮಾಡಿದ ನೂಲಿನಿಂದ ನೇಯುವುದರಿಂದ ಅದು ಮೆತ್ತಗೆ ಇಳಿಬೀಳುತ್ತದೆ, ಕೂತೆದ್ದರೂ ಮಡಿಕೆ ಬೇಗ ಬಿಡುತ್ತದೆ. ಮೈಸೂರು ಸಿಲ್ಕ್ ಎಂದು ನಾವು ಕರೆಯುವುದು ಇದನ್ನೇ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯನ್ನು ಈಗ ನಡೆಸುತ್ತಿರುವ ಸರ್ಕಾರಿ ನಿಗಮದ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, 0.65 ಚಿನ್ನ ಇರುತ್ತದೆ, ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ‘ಮೈಸೂರು ಸಿಲ್ಕ್’ ಎಂದು ಬಾಯಲ್ಲಿ ಹೇಳಿ ಬೇರೇನನ್ನೋ ಕೊಡುವ ಕಡೆ ಆ ಸಂಖ್ಯೆ ಕೇಳಿದರೆ ಸಾಕು.

ಬೇರೆ ರೇಷ್ಮೆಯಾದರೆ ಸೀರೆಗೆ ಕಟ್ಟಿರುವ ಸಿಲ್ಕ್ ಮಾರ್ಕ್ ಪಟ್ಟಿಯನ್ನು ನೋಡಿ. ಅದು ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ ಬರುವ ಗುರುತು, ಶುದ್ಧ ರೇಷ್ಮೆ ಎಂಬುದಕ್ಕೆ. ಅದು ಬಟ್ಟೆಯ ನೂಲಿಗೆ ಮಾತ್ರ ಅನ್ವಯಿಸುತ್ತದೆ, ಜರಿ ಅಸಲಿಯೋ ಅಲ್ಲವೋ ಎಂಬುದನ್ನು ಅದರಿಂದ ತಿಳಿಯಲಾಗದು. ಪಟ್ಟಿ ಇಲ್ಲದಿದ್ದರೆ ಎಳೆ ಸುಟ್ಟು ನೋಡುವ ಹಳೆಯ ಪರೀಕ್ಷೆ ಇದೆ, ಆದರೆ ಬಹಳ ಮಂದಿ ಅದನ್ನು ಅರ್ಧವೇ ಮಾಡುತ್ತಾರೆ. ಸೆರಗಿನ ತುದಿಯಲ್ಲಿ ಜೋತಾಡುವ ಎಳೆಗಳೆಲ್ಲ ಹಾಸಿನವು. ಹಾಸು ರೇಷ್ಮೆಯದಾಗಿ ಹೊಕ್ಕು ಪಾಲಿಯೆಸ್ಟರ್ ಆಗಿದ್ದರೆ ಅಲ್ಲಿನ ಎಳೆ ಸುಟ್ಟವರು ಮೋಸಹೋಗುತ್ತಾರೆ. ರವಿಕೆ ಕಣದ ಕತ್ತರಿಸಿದ ತುದಿಯಿಂದ ಅಡ್ಡ ಎಳೆಯೊಂದನ್ನು ಬಿಡಿಸಿಕೊಂಡು, ಎರಡನ್ನೂ ಬೇರೆಬೇರೆಯಾಗಿ ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಬೂದಿಯಾಗಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಅಂಗಡಿಯವರ ಒಪ್ಪಿಗೆ ಪಡೆದೇ ಇದನ್ನು ಮಾಡಿ.

ಜರಿಯ ವಿಚಾರದಲ್ಲಿ ಕೊಡಗಿನವರಿಗೆ ಬೇರೆ ಊರಿನವರಿಗಿಂತ ಹೆಚ್ಚು ಎಚ್ಚರ ಬೇಕು, ಕಾರಣ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೂ ತೇವ. ಅಸಲಿ ಜರಿಯನ್ನು ಉಗುರಿನಿಂದ ಮೆಲ್ಲಗೆ ಸರಿಸಿದರೆ ಒಳಗೆ ಕೆಂಪು ರೇಷ್ಮೆ ಎಳೆ ಕಾಣುತ್ತದೆ, ಅದರ ಮೇಲೆ ಬೆಳ್ಳಿ, ಬೆಳ್ಳಿಗೆ ಚಿನ್ನದ ಲೇಪ. ‘ಟೆಸ್ಟೆಡ್ ಜರಿ’ ಎಂಬುದರ ಒಳಗೆ ತಾಮ್ರದ ತಂತಿ. ಒಣ ಊರಿನಲ್ಲಿ ಅದು ವರ್ಷಗಟ್ಟಲೆ ಹೊಳೆಯಬಹುದು, ನಮ್ಮಲ್ಲಿ ಕೆಲವೇ ಮಳೆಗಾಲಕ್ಕೆ ಕಂದಿ ಕಪ್ಪಾಗುತ್ತದೆ. ಅಸಲಿ ಜರಿಗೆ ಹಣ ಸಾಲದಿದ್ದರೆ ಟೆಸ್ಟೆಡ್ ಜರಿಯ ಅಗಲ ಅಂಚಿಗಿಂತ ಅಸಲಿ ಜರಿಯ ಸಣ್ಣ ಅಂಚೇ ಮೇಲು. ಜರಿಯೇ ಇಲ್ಲದ ರೇಷ್ಮೆ ಅಂಚೂ ಒಳ್ಳೆಯದೇ.

ಬಣ್ಣವನ್ನು ಮಾತ್ರ ಮಗಳೇ ಆರಿಸಬೇಕು. ಅಪ್ಪ ಮಾಡಬೇಕಾದ ಕೆಲಸವೆಂದರೆ ಸೀರೆಯನ್ನು ಅಂಗಡಿಯ ಬಾಗಿಲಿಗೆ ತರಿಸಿ ಹಗಲಿನ ಬೆಳಕಲ್ಲಿ ತೋರಿಸುವುದು. ಒಳಗಿನ ಹಳದಿ ದೀಪಕ್ಕೆ ಬಣ್ಣ ಬೇರೆಯಾಗಿಯೇ ಕಾಣುತ್ತದೆ. ಬಟ್ಟೆಯನ್ನು ಕೈಯ ಮೇಲಲ್ಲ, ಕುತ್ತಿಗೆಯ ಪಕ್ಕ ಹಿಡಿದು ನೋಡಿ. ಉದಾಹರಣೆಯ ಮನೆಯಲ್ಲಿ ಅಪ್ಪ ಕಡುಗೆಂಪನ್ನು ಎತ್ತಿಕೊಂಡಾಗ ಮಗಳು ಹೇಳಿದ್ದು ಇಷ್ಟೇ: “ಅಪ್ಪ, ಕೆಂಪು ನನ್ನ ಮದುವೆಗಿರಲಿ. ಈಗ ಇದನ್ನು ಉಟ್ಟು ಹೋದರೆ ಮದುಮಗಳು ಯಾರೆಂದು ಕೇಳುತ್ತಾರೆ.” ಕೊಡವರ ಮದುವೆಯಲ್ಲಿ ಹೆಣ್ಣು ಉಡುವುದು ಕೆಂಪು ರೇಷ್ಮೆ, ಅವಳ ಮಾತು ಸರಿ. ಕೊನೆಗೆ ತೆಗೆದುಕೊಂಡದ್ದು ಕಾಫಿ ಎಲೆಯ ಕಡುಹಸಿರಿನ ಕ್ರೇಪ್, ಒಂದೂವರೆ ಇಂಚಿನ ಜರಿ ಅಂಚು, ಪನ್ನ 46.

ಫಾಲ್, ರವಿಕೆ, ಪಿನ್ನು

ಅಂಗಡಿಯವರೇ ಫಾಲ್ ಹೊಲಿಸಿಕೊಡುತ್ತೇವೆ ಎಂದರೆ ಒಪ್ಪಿಕೊಳ್ಳಬೇಡಿ. ಅವರು ಹೊಲಿಸುವುದು ಮುಂದೆ ನೆರಿಗೆ ಬರುವ ಲೆಕ್ಕದಲ್ಲಿ. ನಿಮ್ಮ ಮಗಳ ನೆರಿಗೆ ಹಿಂದಿದೆ, ನಡೆಯುವಾಗ ಹಿಮ್ಮಡಿ ಪ್ರತಿ ಹೆಜ್ಜೆಗೂ ಆ ನೆರಿಗೆಯ ಅಂಚನ್ನು ಒದೆಯುತ್ತಿರುತ್ತದೆ. ಫಾಲ್ ಬೇಕಾದದ್ದು ಸರಿಯಾಗಿ ಅಲ್ಲಿಗೆ. ಸೀರೆಯನ್ನು ಒಮ್ಮೆ ಪೂರ್ತಿ ಉಡಿಸಿ, ಹಿಂದಿನ ನೆರಿಗೆಯ ಮೊದಲ ಪದರಕ್ಕೊಂದು, ಕೊನೆಯ ಪದರಕ್ಕೊಂದು ದಾರದ ಗುರುತು ಹಾಕಿ ಬಿಚ್ಚಿ. ಫಾಲ್ ಆ ಎರಡು ಗುರುತುಗಳ ನಡುವೆಯೂ, ಎರಡೂ ಕಡೆ ಒಂದೊಂದು ಗೇಣು ಹೆಚ್ಚಾಗಿಯೂ ಬರಲಿ. ಹತ್ತಿಯ ಫಾಲ್ ಆದರೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ದರ್ಜಿಗೆ ಕೊಡಿ. ಇಲ್ಲವಾದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ, ಸೀರೆಯ ಅಂಚು ಗುಂಜಿಕೊಂಡು ನಿಲ್ಲುತ್ತದೆ. ನಡುವಿನ ಹೊಲಿಗೆ ಕೈಯಿಂದಲೇ ಆಗಲಿ, ಮಿಷನ್ ಹೊಲಿಗೆ ಕ್ರೇಪನ್ನು ಎಳೆದು ಹಿಡಿಯುತ್ತದೆ.

ಎಲ್ಲ ಭಾರವೂ ಎಳೆಯುವುದು ಬಲಭುಜದ ಒಂದು ಪಿನ್ನನ್ನು. ತೆಳು ರೇಷ್ಮೆ ಮೊದಲು ಹರಿಯುವುದೂ ಅಲ್ಲಿಯೇ. ಸೆರಗಿನಲ್ಲಿ ಪಿನ್ನು ಬೀಳುವ ಜಾಗದ ಒಳಬದಿಗೆ ರವಿಕೆ ಬಟ್ಟೆಯ ಎರಡಿಂಚು ಚೌಕದ ತುಂಡೊಂದನ್ನು ಹೊಲಿಸಿಬಿಡಿ. ಸೆರಗಿನ ತುದಿಗೆ ದೊಡ್ಡ ಕುಚ್ಚು ಕಟ್ಟಿಸುವುದು ಬೇಡ, ಭುಜದ ಮೇಲೆ ಪಿನ್ನಿಗೂ ಕೂದಲಿಗೂ ಸಿಕ್ಕಿಕೊಳ್ಳುತ್ತದೆ.

ಬಳೆ

ಬಳೆಯ ಅಳತೆಯಲ್ಲಿ 2-4, 2-6 ಎಂದು ಹೇಳುತ್ತಾರಲ್ಲ, ಅದರ ಅರ್ಥ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಇಷ್ಟು ಭಾಗ. 2-4 ಎಂದರೆ ಒಳವ್ಯಾಸ ಎರಡೂಕಾಲು ಇಂಚು. 2-8 ಎಂದರೆ ಎರಡೂವರೆ ಇಂಚು. ಇದನ್ನು ಮನೆಯಲ್ಲೇ ತಿಳಿಯಬಹುದು. ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ತಾಗಿಸಿ, ಬಳೆ ತೊಡುವಾಗ ಕೈ ಕೂಡಿಸುವಂತೆ ಕೂಡಿಸಿ, ಗೆಣ್ಣುಗಳ ಮೇಲೆ ಅತಿ ಅಗಲವಾದ ಕಡೆ ಟೇಪು ಸುತ್ತಿ. 17 ಸೆಂಟಿಮೀಟರ್ ಬಂದರೆ 2-2, 18 ಬಂದರೆ 2-4, 19 ಬಂದರೆ 2-6, 20 ಬಂದರೆ 2-8. ನಡುವೆ ಬಂದರೆ ಮೇಲಿನದನ್ನೇ ಹಿಡಿಯಿರಿ.

ಮಡಿಕೇರಿ ಕಡೆಯ ಚಳಿಯ ಬೆಳಿಗ್ಗೆ ಅಳೆದರೆ ಕೈ ಸಣ್ಣಗಿರುತ್ತದೆ, ಮದುವೆ ಮನೆಯ ಮಧ್ಯಾಹ್ನದ ಸೆಕೆಗೆ ಅದೇ ಕೈ ಊದಿಕೊಂಡು ಬಳೆ ಬಿಗಿಯುತ್ತದೆ. ಮಧ್ಯಾಹ್ನದ ಮೇಲೆ, ಎರಡೂ ಕೈ ಅಳೆಯಿರಿ. ಕೆಲಸ ಮಾಡುವ ಕೈ ಸಾಮಾನ್ಯವಾಗಿ ತುಸು ದೊಡ್ಡದು. ನಮ್ಮ ಹುಡುಗಿಗೆ ಎಡಗೈ 18.5, ಬಲಗೈ 18.9. ಎಡಗೈಗೆ ಒತ್ತಿದರೆ 2-4 ಹೋಗಬಹುದು, ಆದರೆ ತೆಗೆಯುವಾಗ ಒಡೆಯುತ್ತದೆ. ಎರಡಕ್ಕೂ 2-6 ತೆಗೆದುಕೊಳ್ಳುವುದೇ ಸರಿ. ತೊಟ್ಟ ಮೇಲೆ ಕೈ ಇಳಿಬಿಟ್ಟು ಅಲ್ಲಾಡಿಸಲಿ. ಬಳೆ ಹೆಬ್ಬೆರಳಿನ ಬುಡದಲ್ಲಿ ನಿಂತರೆ ಅಳತೆ ಸರಿ, ಗೆಣ್ಣಿನ ಮೇಲೆ ಜಾರಿದರೆ ದೊಡ್ಡದಾಯಿತು.

ಗಾಜಿನ ಬಳೆಯನ್ನು ಡಜನ್ ಲೆಕ್ಕದಲ್ಲಿ ಕೊಂಡರೂ ಒಂದೊಂದಾಗಿ ನೋಡಬೇಕು. ನಮ್ಮ ಸಂತೆಗೆ ಬರುವ ಗಾಜಿನ ಬಳೆಯ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನದು. ಉದ್ದ ಎಳೆಯನ್ನು ಸುತ್ತಿ ಕತ್ತರಿಸಿ, ತುದಿಗಳನ್ನು ಬೆಂಕಿಯಲ್ಲಿ ಬೆಸೆಯುತ್ತಾರೆ. ಒಡೆಯುವುದೂ ಗೀರುವುದೂ ಆ ಬೆಸುಗೆಯ ಜಾಗದಲ್ಲಿ. ಬಳೆಯ ಒಳಮೈಯಲ್ಲಿ ಉಗುರನ್ನು ಸುತ್ತ ಆಡಿಸಿ, ತಡೆದ ಬಳೆಯನ್ನು ಪಕ್ಕಕ್ಕಿಡಿ. ಗಾಜಿನ ಕೌಂಟರಿನ ಮೇಲೆ ಮಲಗಿಸಿ ಒಂದು ಬದಿ ಒತ್ತಿ, ಕುಂಟಿದರೆ ಅದು ಸೊಟ್ಟಗಿದೆ. ಎರಡನ್ನು ಮೆಲ್ಲಗೆ ತಾಗಿಸಿದಾಗ ಸದ್ದು ಮಂಕಾಗಿ ಬಂದರೆ ಎಲ್ಲೋ ಬಿರುಕಿದೆ. ಎಡಗೈಗೆ ಒಂದು ಡಜನ್, ಬಲಗೈಗೆ ಒಂದು ಡಜನ್, ಮೇಲೆ ಅದೇ ಬಣ್ಣದ ಆರು ಹೆಚ್ಚಿಗೆ ಕೊಂಡಿಡಿ. ಮುಂದಿನ ವರ್ಷ ಅದೇ ಛಾಯೆ ಸಿಗುವುದಿಲ್ಲ.

ಈ ಉಡುಗೆಯಲ್ಲಿ ಬಳೆಗೂ ಸೀರೆಗೂ ಒಂದು ಜಗಳ ಇದೆ. ಸೆರಗು ಎಡಗೈ ಕೆಳಗಿನಿಂದ ಬಿಗಿಯಾಗಿ ಹೋಗುವುದರಿಂದ ಎಡಗೈಯ ಬಳೆ ದಿನವಿಡೀ ರೇಷ್ಮೆಗೆ ಉಜ್ಜುತ್ತಿರುತ್ತದೆ. ಕಲ್ಲು ಕೂರಿಸಿದ ಬಳೆಯ ಸಣ್ಣ ಕೊಕ್ಕೆಗಳು ಕ್ರೇಪಿನ ಎಳೆಯನ್ನು ಎಳೆದುಬಿಡುತ್ತವೆ, ಒಮ್ಮೆ ಎಳೆದ ಎಳೆ ಮತ್ತೆ ಕೂರದು. ಕಲ್ಲಿನ ಬಳೆ ಬೇಕೇ ಬೇಕೆಂದರೆ ಬಲಗೈಗೆ ಮಾತ್ರ. ಎಡಗೈಗೆ ನುಣುಪು ಗಾಜು.

ತೋಳಿನ ಲೆಕ್ಕವನ್ನೂ ಇಲ್ಲೇ ಕೂಡಿಸಿ. ನಾಲ್ಕು ಮಿಲಿಮೀಟರ್ ಅಗಲದ ಬಳೆ ಹನ್ನೆರಡಾದರೆ ಸುಮಾರು ಎರಡು ಇಂಚು ಜಾಗ ಹಿಡಿಯುತ್ತದೆ. ಮುಕ್ಕಾಲು ತೋಳಾದರೆ ತೊಂದರೆ ಇಲ್ಲ. ಮಣಿಕಟ್ಟಿನವರೆಗೆ ಬರುವ ತೋಳಾದರೆ ಬಳೆಗಳು ಅಂಚಿನ ಜರಿಗೆ ಬಡಿಯುತ್ತವೆ. ಹಾಗಾಗಿ ತೋಳನ್ನು ಮಣಿಕಟ್ಟಿಗಿಂತ ಮೂರು ಇಂಚು ಮೇಲೆ ನಿಲ್ಲಿಸಲು ದರ್ಜಿಗೆ ಹೇಳಿ.

ಬಣ್ಣ ಆರಿಸುವಾಗ ಮನೆಯ ಹಿರಿಯ ಹೆಂಗಸರನ್ನು ಒಂದು ಮಾತು ಕೇಳಿ. ಹಸಿರು ಗಾಜಿನ ಬಳೆಯನ್ನು ಮದುವೆಗೋ ಸೀಮಂತಕ್ಕೋ ಮೀಸಲಿಡುವ ಮನೆಗಳು ಕರ್ನಾಟಕದಲ್ಲಿ ಬಹಳ ಇವೆ. ಉದಾಹರಣೆಯ ಹುಡುಗಿ ಹಸಿರು ಸೀರೆಗೆ ಹಸಿರನ್ನು ಬಿಟ್ಟು ದಾಳಿಂಬೆ ಕೆಂಪಿನ ನುಣುಪು ಬಳೆ ತೆಗೆದುಕೊಂಡಳು. ಹತ್ತಿ ಸೀರೆಗೂ ಅದೇ ನಡೆಯಿತು.

ಚಿನ್ನದ ಬಳೆಯನ್ನೂ ಇದೇ ಸಲ ಕೊಡಿಸುವುದಾದರೆ ಮೂರು ಗುರುತು ಒಳಮೈಯಲ್ಲಿ ಇರಲೇಬೇಕು: ಬಿಐಎಸ್ ಚಿಹ್ನೆ, 22K916 ಎಂಬ ಶುದ್ಧತೆ, ಮತ್ತು ಅಕ್ಷರ ಅಂಕಿ ಸೇರಿದ ಆರು ಸ್ಥಾನದ HUID. 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಕಡ್ಡಾಯ. ಫೋನಿನಲ್ಲಿ BIS Care ತೆರೆದು ಅಂಗಡಿಯಲ್ಲೇ ಅದನ್ನು ಒತ್ತಿ ನೋಡಿ, ಎದುರಿಗಿರುವ ಒಡವೆಯ ವಿವರವೇ ಬರಬೇಕು. ತೀರ ತೆಳುವಾದ ಬಳೆ ಗಾಜಿನ ಬಳೆಯ ನಡುವೆ ಸಿಕ್ಕಿ ಬೇಗ ಸೊಟ್ಟಗಾಗುತ್ತದೆ. ಹಣ ಸಾಲದಿದ್ದರೆ ಎರಡು ತೆಳು ಬಳೆಯ ಬದಲು ಗಟ್ಟಿಯಾದ ಒಂದೇ ಕಡಗ ಕೊಡಿಸಿ.

ಮಳೆಗಾಲಕ್ಕೆ ಮುನ್ನ

ಮದುವೆ ಮುಗಿಸಿ ಬಂದ ರಾತ್ರಿಯೇ ರೇಷ್ಮೆಯನ್ನು ಮಡಚಿ ಒಳಗಿಡಬೇಡಿ. ಬೆವರಿನ ತೇವ ಆರುವವರೆಗೆ ನೆರಳಲ್ಲಿ ಹರಡಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಎಂದೂ ಇಡಬೇಡಿ, ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಒಗೆದು ಮೆತ್ತಗಾದ ಹಳೆಯ ಪಂಚೆಯಲ್ಲಿ ಸುತ್ತಿ, ಜರಿಯ ಭಾಗ ಒಳಗೆ ಬರುವಂತೆ ಮಡಚಿ, ನುಸಿ ಗುಳಿಗೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ. ಮೇ ಕೊನೆಗೆ ಒಮ್ಮೆ ತೆಗೆದು ಗಾಳಿಗೆ ಹಾಕಿ ಮಡಿಕೆ ಬದಲಿಸಿ. ಮಳೆಯ ನಡುವೆ ಬಿಸಿಲು ಬಿದ್ದ ದಿನ ಬೀರುವಿನ ಬಾಗಿಲನ್ನಾದರೂ ತೆರೆದಿಡಿ. ಮೂಗಿಗೆ ಮುಗ್ಗಲು ವಾಸನೆ ಬಂದರೆ, ಬಿಳಿ ಪುಡಿಯಂಥ ಚುಕ್ಕೆ ಕಂಡರೆ ಬೂಷ್ಟು ಶುರುವಾಗಿದೆ. ಒದ್ದೆ ಬಟ್ಟೆಯಿಂದ ಉಜ್ಜಬೇಡಿ, ಪೂರ್ತಿ ಒಣಗಿಸಿ ಮೆತ್ತನೆಯ ಬ್ರಷ್‌ನಿಂದ ಹೊರಗೆ ಕೊಡವಿ. ಬಳೆಯ ಪೆಟ್ಟಿಗೆಯ ಮಖಮಲ್ಲೂ ತೇವ ಹೀರುವುದರಿಂದ ಅದನ್ನೂ ಅಂದೇ ಖಾಲಿ ಮಾಡಿ ಬಿಸಿಲಿಗಿಡಿ, ಹೆಚ್ಚಿಗೆ ತಂದ ಆ ಆರು ಬಳೆ ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೇ ಇರಲಿ.